ಫ್ಯೂವರ್ ಬೇಕೋ, ಲೆಸ್ ಸಾಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್‌ನಲ್ಲಿ ವರದಿ, ನೋಟಿಸು, ಮೇಲ್ ಬರೆಯುವ ಕನ್ನಡಿಗರು ‘ಫ್ಯೂವರ್’ ಮತ್ತು ‘ಲೆಸ್’ ಬಗ್ಗೆ ಕೇಳುವ ಪ್ರಶ್ನೆಗಳು ಇವು. ಉದಾಹರಣೆಯ ಇಂಗ್ಲಿಷ್ ವಾಕ್ಯಗಳನ್ನು ಓದಿನ ಓಟಕ್ಕಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ.

## ಶಾಲೆಯಲ್ಲಿ ಹೇಳಿಕೊಟ್ಟ ನಿಯಮ ಏನಿತ್ತು?

ಎಣಿಸಬಹುದಾದ ವಸ್ತುಗಳಿಗೆ ಫ್ಯೂವರ್, ಎಣಿಸಲಾಗದ್ದಕ್ಕೆ ಲೆಸ್. ‘ಫ್ಯೂವರ್ ಬುಕ್ಸ್’, ‘ಲೆಸ್ ವಾಟರ್’. ಫ್ಯೂವರ್ ಬಂದದ್ದು ‘ಫ್ಯೂ’ದಿಂದ, ಲೆಸ್ ಅನ್ನು ‘ಲಿಟಲ್’ನ ಹೋಲಿಕೆಯ ರೂಪವಾಗಿ ಬಳಸುತ್ತಾರೆ. ಮೇಷ್ಟ್ರು ಇದನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಿ ಮುಂದಿನ ಪಾಠಕ್ಕೆ ಹೋಗಿರುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ. ‘ಲೆಸ್ ದ್ಯಾನ್ 500 ರುಪೀಸ್’ ಎಂಬುದನ್ನು ಪತ್ರಿಕೆಯಲ್ಲಿ ಓದಿದ ದಿನ ಗೊಂದಲ ಶುರುವಾಗುತ್ತದೆ. ರೂಪಾಯಿಯನ್ನು ಎಣಿಸುವುದಿಲ್ಲವೇ?

## ಹಾಗಾದರೆ ‘ಲೆಸ್ ಪೀಪಲ್’ ತಪ್ಪೋ ಅಲ್ಲವೋ?

ಈ ನಿಯಮಕ್ಕೆ ಎರಡು ಅರ್ಧಗಳಿವೆ, ಎರಡೂ ಒಂದೇ ಬಿಗಿಯಲ್ಲಿಲ್ಲ. ಜಗಳಗಳು ಹುಟ್ಟುವುದೇ ಇದನ್ನು ಗಮನಿಸದೆ.

ಮೊದಲ ಅರ್ಧ: ಎಣಿಸಲಾಗದ್ದಕ್ಕೆ ಫ್ಯೂವರ್ ಹಾಕಬಾರದು. ಇದು ನಿಜವಾದ ವ್ಯಾಕರಣ. ‘ಫ್ಯೂವರ್ ವಾಟರ್’, ‘ಫ್ಯೂವರ್ ಟ್ರಾಫಿಕ್’, ‘ಫ್ಯೂವರ್ ಮನಿ’ ಎಂದು ಲಂಡನ್ನಿನಲ್ಲಾಗಲಿ ಷಿಕಾಗೋದಲ್ಲಾಗಲಿ ಇಂಗ್ಲಿಷ್ ಮನೆಮಾತಿನವರು ಆಡುವುದಿಲ್ಲ. ಶಾಲೆಗೆ ಹೋಗದವರೂ ಆಡುವುದಿಲ್ಲ. ಯಾರೂ ಕಲಿಸದೆಯೂ ಮುರಿಯದ ನಿಯಮ ಅದು.

ಎರಡನೆಯ ಅರ್ಧ: ಎಣಿಸಬಹುದಾದ ಬಹುವಚನಕ್ಕೆ ಲೆಸ್ ಹಾಕಬಾರದು. ಇದು ಆಯ್ಕೆಯ ಮಾತು. ಓದಿದವರೇ ಮಾತಿನಲ್ಲಿ ‘ಲೆಸ್ ಪೀಪಲ್’, ‘ಲೆಸ್ ಕಾರ್ಸ್’ ಎನ್ನುತ್ತಾರೆ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಆದರೆ ಅಚ್ಚಾಗುವ ಬರಹದಲ್ಲಿ, ಪರೀಕ್ಷೆಯಲ್ಲಿ, ಕಚೇರಿ ಪತ್ರದಲ್ಲಿ ಓದುಗರಲ್ಲಿ ಒಂದು ಪಾಲು ಅದನ್ನು ತಪ್ಪೆಂದೇ ಗುರುತಿಸುತ್ತಾರೆ. ಅಮೆರಿಕದ ಪತ್ರಕರ್ತರು ಅನುಸರಿಸುವ ಎಪಿ ಕೈಪಿಡಿಯೂ ಬಿಡಿ ವಸ್ತುಗಳಿಗೆ ಫ್ಯೂವರ್, ಮೊತ್ತಕ್ಕೆ ಲೆಸ್ ಎಂದೇ ಹೇಳುತ್ತದೆ. ಹಾಗಾಗಿ ‘ಲೆಸ್ ಪೀಪಲ್’ ಭಾಷೆಗೆ ಹೊರಗಿನದಲ್ಲ, ಆದರೆ ಶಿಷ್ಟ ಬರಹಕ್ಕೆ ಒಪ್ಪುವುದಿಲ್ಲ. ಎರಡೂ ಒಟ್ಟಿಗೇ ನಿಜ.

## ಎರಡನೆಯ ಅರ್ಧ ಆಯ್ಕೆ ಎಂದಾದರೆ ಅದು ನಿಯಮವಾದದ್ದು ಹೇಗೆ?

ಹಳೆಯ ಇಂಗ್ಲಿಷ್‌ನಲ್ಲಿ ‘ಲೆಸ್’ ನಾಮಪದದಂತೆ ನಿಲ್ಲುತ್ತಿತ್ತು, ಅದರ ಮುಂದಿನ ಪದ ಷಷ್ಠಿ ಬಹುವಚನದಲ್ಲಿ ಬರುತ್ತಿತ್ತು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ದೊರೆಯ ಹೆಸರಿನಲ್ಲಿರುವ, ರೋಮಿನ ದಾರ್ಶನಿಕ ಬೊಯೀತಿಯಸ್‌ನ ಕೃತಿಯ ಅನುವಾದದಲ್ಲಿ ‘ಲ್ಯಾಸ್ ವೊರ್ಡ’ ಎಂಬ ಪ್ರಯೋಗವಿದೆ. ಅಕ್ಷರಶಃ ‘ಮಾತುಗಳ ಕಡಿಮೆ ಪಾಲು’ ಎಂದಂತೆ. ಕಾಲಕ್ರಮದಲ್ಲಿ ಇಂಗ್ಲಿಷ್‌ನ ವಿಭಕ್ತಿ ಪ್ರತ್ಯಯಗಳು ಉದುರಿಹೋದವು. ಷಷ್ಠಿ ಹೋಯಿತು, ‘ಲೆಸ್ ವರ್ಡ್ಸ್’ ಉಳಿಯಿತು. ಅಂದರೆ ಬಹುವಚನದ ಜೊತೆ ಲೆಸ್ ಬರುವುದು ಇತ್ತೀಚಿನ ಸೋಮಾರಿತನವಲ್ಲ, ಸಾವಿರ ವರ್ಷಕ್ಕೂ ಹಳೆಯ ರೂಢಿ.

1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಇಂಗ್ಲಿಷ್ ಬಳಕೆಯ ಬಗ್ಗೆ ಒಂದು ಪುಸ್ತಕ ಬರೆದ. ಸಂಖ್ಯೆಯ ಬಗ್ಗೆ ಮಾತಾಡುವಾಗ ಜನ ಹೆಚ್ಚಾಗಿ ಲೆಸ್ ಬಳಸುತ್ತಾರೆ, ಅಲ್ಲಿ ಫ್ಯೂವರ್ ಉತ್ತಮ ಎಂದು ತನಗನ್ನಿಸುತ್ತದೆ ಎಂದ. ‘ನೋ ಲೆಸ್ ದ್ಯಾನ್ ಎ ಹಂಡ್ರೆಡ್’ಗಿಂತ ‘ನೋ ಫ್ಯೂವರ್ ದ್ಯಾನ್ ಎ ಹಂಡ್ರೆಡ್’ ಹೆಚ್ಚು ಸೊಗಸು, ಹೆಚ್ಚು ಶುದ್ಧ ಎಂಬುದು ಆತನ ಉದಾಹರಣೆ. ಮೆರಿಯಮ್-ವೆಬ್‌ಸ್ಟರ್‌ನ ಬಳಕೆ ನಿಘಂಟು ಹುಡುಕಿದಷ್ಟರಲ್ಲಿ ಈ ನಿಯಮದ ಮೊದಲ ದಾಖಲೆ ಇದೇ. ಆತ ಬಳಸಿದ ದನಿ ನೋಡಿ: ‘ನನಗನ್ನಿಸುತ್ತದೆ’. ಜನ ಹೆಚ್ಚಾಗಿ ಲೆಸ್ ಎನ್ನುತ್ತಾರೆಂದೂ ಆತನೇ ಒಪ್ಪಿಕೊಂಡಿದ್ದಾನೆ. ಆಮೇಲಿನ ವ್ಯಾಕರಣ ಪುಸ್ತಕಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ‘ಅನ್ನಿಸುತ್ತದೆ’ಯನ್ನು ಕಳಚಿ ‘ಕೂಡದು’ ಎಂದವು.

ಇದರಿಂದ ಫ್ಯೂವರ್ ಬೇಡ ಎಂದಾಗುವುದಿಲ್ಲ. ಇನ್ನೂರೈವತ್ತು ವರ್ಷ ಸಂಪಾದಕರು ಅನುಸರಿಸಿದ ಅಭಿರುಚಿಗೂ ತನ್ನದೇ ತೂಕವಿದೆ. ಅದರ ಹುಟ್ಟು ಗೊತ್ತಿದ್ದರೆ ಮಾತ್ರ ಎಲ್ಲಿ ಸಡಿಲ ಬಿಡಬಹುದು ಎಂಬುದು ತಿಳಿಯುತ್ತದೆ.

## ರೂಪಾಯಿ, ಕಿಲೋಮೀಟರ್, ವರ್ಷ ಇವೆಲ್ಲ ಎಣಿಸುವಂಥವೇ ಅಲ್ಲವೇ? ಅವಕ್ಕೇಕೆ ಲೆಸ್?

‘ಎಣಿಸಬಹುದೇ?’ ಎಂಬ ಪ್ರಶ್ನೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಕೇಳಿಕೊಳ್ಳಬೇಕಾದ್ದು ಬೇರೆ: ಮನಸ್ಸಿನಲ್ಲಿರುವುದು ಬಿಡಿಬಿಡಿ ವಸ್ತುಗಳೋ, ಒಟ್ಟು ಅಳತೆಯೋ?

‘ದ ಸ್ಟೇಷನ್ ಈಸ್ ಲೆಸ್ ದ್ಯಾನ್ 5 ಕಿಲೋಮೀಟರ್ಸ್ ಅವೇ’ ಎನ್ನುವಾಗ ಒಂದನೆಯ ಕಿಲೋಮೀಟರು, ಎರಡನೆಯ ಕಿಲೋಮೀಟರು ಎಂದು ಯಾರೂ ಬೇರೆಬೇರೆ ಇಡುತ್ತಿಲ್ಲ. ಒಂದು ದೂರವಿದೆ, ಅದನ್ನು ಅಳೆಯಲು ಕಿಲೋಮೀಟರ್ ಎಂಬ ಮಾಪಕವಿದೆ. ‘ಲೆಸ್ ದ್ಯಾನ್ 500 ರುಪೀಸ್’ ಎಂದರೆ ಐನೂರು ನಾಣ್ಯಗಳಲ್ಲ, ಒಂದು ಮೊತ್ತ. ‘ಲೆಸ್ ದ್ಯಾನ್ 3 ವೀಕ್ಸ್’, ‘ಲೆಸ್ ದ್ಯಾನ್ 40 ಕೇಜೀಸ್’ ಎಲ್ಲ ಇದೇ ಜಾತಿ. ಇಲ್ಲಿ ಕಟ್ಟುನಿಟ್ಟಿನ ಸಂಪಾದಕರೂ ಲೆಸ್ ಎಂದೇ ಬರೆಯುತ್ತಾರೆ.

ಗುರುತಿಸಲು ಎರಡು ಪರೀಕ್ಷೆಗಳಿವೆ. ಒಂದು, ಅರ್ಧ ಸೇರಿಸಿ ನೋಡಿ. ನಾಲ್ಕೂವರೆ ಕಿಲೋಮೀಟರ್ ಇದೆ, ಎರಡೂವರೆ ವಾರ ಇದೆ. ನಾಲ್ಕೂವರೆ ವಿದ್ಯಾರ್ಥಿಗಳು ಇಲ್ಲ. ಅರ್ಧ ಒಪ್ಪುವ ಕಡೆ ಸಾಮಾನ್ಯವಾಗಿ ಲೆಸ್. ಇದಕ್ಕೂ ಮಿತಿ ಉಂಟು. ಅರ್ಧ ಮಾವಿನಹಣ್ಣು ಇರಬಹುದು, ಆದರೂ ಬುಟ್ಟಿಯ ಮಾವಿನಹಣ್ಣುಗಳನ್ನು ನಾವು ಬಿಡಿಯಾಗಿಯೇ ಎಣಿಸುತ್ತೇವೆ, ಅಲ್ಲಿ ಫ್ಯೂವರ್.

ಎರಡನೆಯ ಪರೀಕ್ಷೆ ಹೆಚ್ಚು ಗಟ್ಟಿ: ಕ್ರಿಯಾಪದ ಏಕವಚನವೋ ಬಹುವಚನವೋ ನೋಡಿ. ‘10 ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್’ ಎನ್ನುತ್ತೇವೆ, ಏಕವಚನ. ‘10 ಸ್ಟೂಡೆಂಟ್ಸ್ ಆರ್ ವೇಟಿಂಗ್’ ಎನ್ನುತ್ತೇವೆ, ಬಹುವಚನ. ‘ಈಸ್’ ಹೊಂದುವ ಕಡೆ ಲೆಸ್, ‘ಆರ್’ ಹೊಂದುವ ಕಡೆ ಫ್ಯೂವರ್.

ನಿಯಮಕ್ಕೆ ಹೆದರಿ ‘ಚಿಲ್ಡ್ರನ್ ಫ್ಯೂವರ್ ದ್ಯಾನ್ 5 ಇಯರ್ಸ್ ಓಲ್ಡ್’ ಎಂದು ಬರೆಯುವವರಿದ್ದಾರೆ. ನನಗೆ ಇದು ‘ಲೆಸ್ ಪೀಪಲ್’ಗಿಂತ ಹೆಚ್ಚು ಕಿರಿಕಿರಿ. ಲೆಸ್ ಪೀಪಲ್ ಎಂದವರು ಆಡುಮಾತಿನಂತೆ ಬರೆದರು, ಇವರು ಯಾರೂ ಆಡದ ಮಾತನ್ನು ಶುದ್ಧವೆಂದು ಬರೆದರು.

## ಶೇಕಡಾ ಬಂದಾಗ? ಮಾರ್ಕ್ಸ್ ಬಂದಾಗ?

ಶೇಕಡಾ ಒಂದು ಪಾಲು, ಹಾಗಾಗಿ ‘ಲೆಸ್ ದ್ಯಾನ್ 20 ಪರ್ಸೆಂಟ್’ ಸಹಜ. ‘ಆಫ್ ವೋಟರ್ಸ್’ ಎಂದು ಜನ ಬಂದಾಗ ಕೆಲವರು ಫ್ಯೂವರ್‌ಗೆ ಹೊರಳುತ್ತಾರೆ. ಅದೂ ಅಚ್ಚಿನಲ್ಲಿ ಕಾಣುತ್ತದೆ. ನಾನಾದರೆ ಲೆಸ್ ಬಿಟ್ಟು ಕದಲುವುದಿಲ್ಲ.

ಮಾರ್ಕ್ಸ್ ವಿಷಯ ನಮ್ಮ ಕಡೆ ದಿನವೂ ಬರುವಂಥದ್ದು. ‘ಸ್ಟೂಡೆಂಟ್ಸ್ ಹೂ ಸ್ಕೋರ್ಡ್ ಲೆಸ್ ದ್ಯಾನ್ 35 ಮಾರ್ಕ್ಸ್’ ಎಂದರೆ ಸರಿ. ಮೂವತ್ತೈದು ಎಂಬುದು ಅಳತೆಗೋಲಿನ ಮೇಲಿನ ಒಂದು ಗೆರೆ, ಮೂವತ್ನಾಲ್ಕೂವರೆಯೂ ಬರಬಹುದು. ಸಂಖ್ಯೆ ಇಲ್ಲದೆ ಬರಿದೇ ‘ಹೀ ಗಾಟ್ ಲೆಸ್ ಮಾರ್ಕ್ಸ್ ದಿಸ್ ಟೈಮ್’ ಎಂದಾಗ ಕಣ್ಣಿಗೆ ಬೀಳುತ್ತದೆ, ಶಿಷ್ಟ ಬರಹದಲ್ಲಿ ‘ಫ್ಯೂವರ್ ಮಾರ್ಕ್ಸ್’ ಅಥವಾ ಇನ್ನೂ ಚೆನ್ನಾಗಿ ‘ಲೋವರ್ ಮಾರ್ಕ್ಸ್’. ಆಹಾರದ ಪೊಟ್ಟಣದ ಮೇಲಿನ ಕ್ಯಾಲೊರಿಯೂ ಹಾಗೆಯೇ: ‘ಲೆಸ್ ದ್ಯಾನ್ 200 ಕ್ಯಾಲೊರೀಸ್’, ಆದರೆ ‘ಫ್ಯೂವರ್ ಕ್ಯಾಲೊರೀಸ್’. ‘ದ್ಯಾನ್’ ಮತ್ತು ಸಂಖ್ಯೆ ಬಂದ ಕೂಡಲೇ ಅಳತೆಯ ಭಾವ ಗಟ್ಟಿಯಾಗುತ್ತದೆ, ಲೆಸ್ ನೇರವಾಗಿ ಬಹುವಚನಕ್ಕೆ ಅಂಟಿಕೊಂಡಾಗ ಬಿಡಿ ವಸ್ತುಗಳ ಭಾವ ಎದ್ದು ಬರುತ್ತದೆ.

## ಸೂಪರ್‌ಮಾರ್ಕೆಟ್ ಬೋರ್ಡಿನ ಗಲಾಟೆ ಏನದು?

ಬ್ರಿಟನ್ನಿನ ಅಂಗಡಿಗಳಲ್ಲಿ ಕಡಿಮೆ ಸಾಮಾನು ತಂದವರಿಗೆ ಪ್ರತ್ಯೇಕ ಬಿಲ್ಲಿಂಗ್ ಕೌಂಟರ್ ಇರುತ್ತದೆ. ಅದರ ಮೇಲೆ ‘10 ಐಟಮ್ಸ್ ಆರ್ ಲೆಸ್’ ಎಂದಿರುತ್ತಿತ್ತು, ಇಲ್ಲಿ ‘ಆರ್’ ಎಂದರೆ ‘ಅಥವಾ’. ಐಟಮ್ಸ್ ಎಣಿಸುವಂಥವು, ಆದ್ದರಿಂದ ‘ಆರ್ ಫ್ಯೂವರ್’ ಆಗಬೇಕು ಎಂದು ವರ್ಷಗಟ್ಟಲೆ ತಕರಾರು ನಡೆಯಿತು. 2008ರಲ್ಲಿ ಟೆಸ್ಕೊ ಸಂಸ್ಥೆ, ಸರಳ ಇಂಗ್ಲಿಷ್‌ಗಾಗಿ ಕೆಲಸ ಮಾಡುವ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಸೂಚಿಸಿದಂತೆ, ಬೋರ್ಡನ್ನು ‘ಅಪ್ ಟು 10 ಐಟಮ್ಸ್’ ಎಂದು ಬದಲಿಸುವುದಾಗಿ ಹೇಳಿತು. ಎರಡು ಪದಗಳೂ ಬೇಡ, ಜಗಳವೂ ಬೇಡ.

ಹಳೆಯ ಬೋರ್ಡು ಅಷ್ಟೇನೂ ಅಪರಾಧ ಮಾಡಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಲೆಸ್ ಐಟಮ್ಸ್‌ಗೆ ಮುಂಚೆ ನಿಂತಿಲ್ಲ, ಅದರಿಂದ ಕಳಚಿಕೊಂಡು ಕೊನೆಯಲ್ಲಿದೆ. ‘ಹತ್ತು ಅಥವಾ ಅದಕ್ಕಿಂತ ಕಡಿಮೆ’ ಎಂಬ ಮಿತಿಯನ್ನು ಸೂಚಿಸುತ್ತದೆ. ‘25 ವರ್ಡ್ಸ್ ಆರ್ ಲೆಸ್’ ಎಂದು ಸ್ಪರ್ಧೆಗಳ ನಿಯಮದಲ್ಲಿ ಬರೆಯುವುದೂ ಇದೇ ರೂಢಿಯಿಂದ. ಹೀಗೆ ಕೊನೆಯಲ್ಲಿ ಬರುವ ‘ಆರ್ ಲೆಸ್’ ಅನ್ನು ಬಳಕೆ ನಿಘಂಟುಗಳು ನಿಂತ ನುಡಿಗಟ್ಟೆಂದು ಒಪ್ಪುತ್ತವೆ.

## ‘ವನ್ ಲೆಸ್ ಪ್ರಾಬ್ಲಮ್’ ಎಂದು ಎಲ್ಲರೂ ಹೇಳುತ್ತಾರಲ್ಲ?

ಹೇಳಲಿ, ಅದು ಸರಿ. ‘ವನ್’ ಬಂದಾಗ ನಾಮಪದ ಏಕವಚನಕ್ಕೆ ಇಳಿಯುತ್ತದೆ, ಫ್ಯೂವರ್ ಬಹುವಚನವನ್ನು ಬಯಸುವ ಪದ. ‘ವನ್ ಫ್ಯೂವರ್ ಪ್ರಾಬ್ಲಮ್’ ಎಂದು ಬರೆಯುವ ಎಚ್ಚರಿಕೆಯವರೂ ಇದ್ದಾರೆ, ಅದನ್ನು ತಪ್ಪೆನ್ನಲಾಗದು. ಎರಡಕ್ಕೆ ಏರಿದರೆ ಮತ್ತೆ ‘ಟೂ ಫ್ಯೂವರ್ ಪ್ರಾಬ್ಲಮ್ಸ್’ ಶಿಷ್ಟ.

## ಇದೆಲ್ಲ ಬರಿಯ ಶಿಷ್ಟಾಚಾರವೇ? ಅರ್ಥವೇ ಬದಲಾಗುವ ಜಾಗ ಇದೆಯೇ?

ಇದೆ, ಮತ್ತು ಅಲ್ಲಿಯೇ ನಿಜವಾಗಿ ಎಚ್ಚರ ಬೇಕು. ನಾಮಪದದ ಮುಂದೆ ಗುಣವಾಚಕ ಬಂದಾಗ.

ಒಂದು ಶಾಲೆಯ ವರದಿಯಲ್ಲಿ ‘ದ ಸ್ಕೂಲ್ ಹ್ಯಾಸ್ ಲೆಸ್ ಎಕ್ಸ್‌ಪೀರಿಯೆನ್ಸ್ಡ್ ಟೀಚರ್ಸ್’ ಎಂದಿದೆ ಎನ್ನಿ. ಇಲ್ಲಿ ಲೆಸ್ ‘ಎಕ್ಸ್‌ಪೀರಿಯೆನ್ಸ್ಡ್’ಗೆ ಅಂಟಿಕೊಳ್ಳುತ್ತದೆ. ಅಲ್ಲಿರುವ ಶಿಕ್ಷಕರಿಗೆ ಅನುಭವ ಸಾಲದು ಎಂದಾಯಿತು. ಬರೆದವರ ಮನಸ್ಸಿನಲ್ಲಿದ್ದದ್ದು ಅನುಭವಿ ಶಿಕ್ಷಕರ ಸಂಖ್ಯೆ ಕಡಿಮೆ ಎಂಬುದಾದರೆ, ‘ಫ್ಯೂವರ್ ಎಕ್ಸ್‌ಪೀರಿಯೆನ್ಸ್ಡ್ ಟೀಚರ್ಸ್’ ಬೇಕು. ಮೊದಲ ವಾಕ್ಯ ಓದಿದ ಅಧಿಕಾರಿ ತರಬೇತಿ ಶಿಬಿರಕ್ಕೆ ಹಣ ಮಂಜೂರು ಮಾಡಬಹುದು, ಎರಡನೆಯದನ್ನು ಓದಿದವರು ಹೊಸ ನೇಮಕಾತಿ ಬೇಕೆಂದು ತಿಳಿಯುತ್ತಾರೆ.

ಆಸ್ಪತ್ರೆಯ ವರದಿಯ ‘ಲೆಸ್ ಕ್ವಾಲಿಫೈಡ್ ನರ್ಸಸ್’, ಸಮೀಕ್ಷೆಯ ‘ಲೆಸ್ ಎಜುಕೇಟೆಡ್ ವಿಮೆನ್’ ಇವೆಲ್ಲ ಇದೇ ಗುಂಡಿಗೆ ಬೀಳುತ್ತವೆ. ‘ಮೋರ್’ ಪದಕ್ಕೆ ಈ ರೋಗ ವಾಸಿಯಾಗದಂತೆ ಅಂಟಿದೆ. ‘ಮೋರ್ ಎಕ್ಸ್‌ಪೀರಿಯೆನ್ಸ್ಡ್ ಟೀಚರ್ಸ್’ ಎಂದರೆ ಹೆಚ್ಚು ಅನುಭವದ ಶಿಕ್ಷಕರೋ, ಇನ್ನಷ್ಟು ಅನುಭವಿ ಶಿಕ್ಷಕರೋ, ಹೇಳಲಾಗುವುದಿಲ್ಲ. ಕಡಿಮೆಯ ಕಡೆಗೆ ಮಾತ್ರ ಇಂಗ್ಲಿಷ್‌ನಲ್ಲಿ ಎರಡು ಪದಗಳಿರುವುದರಿಂದ ಗೊಂದಲ ಬಿಡಿಸಬಹುದು. ಫ್ಯೂವರ್ ಉಳಿಸಿಕೊಳ್ಳಬೇಕೆನ್ನಲು ನನಗೆ ಬೇಕರ್‌ನ ಸೊಗಸಿಗಿಂತ ಈ ಕಾರಣ ದೊಡ್ಡದಾಗಿ ಕಾಣುತ್ತದೆ.

## ನಾವು ಕನ್ನಡಿಗರು ಹೆಚ್ಚಾಗಿ ಎಡವುವುದು ಎಲ್ಲಿ?

ನಮ್ಮ ಭಾಷೆಯಲ್ಲಿ ಜನವೂ ಕಡಿಮೆ, ನೀರೂ ಕಡಿಮೆ, ಹಾಗಾಗಿ ಲೆಸ್ ಕೈಗೆ ಬೇಗ ಸಿಗುತ್ತದೆ. ಅದು ಸಣ್ಣ ವಿಷಯ. ದೊಡ್ಡ ತೊಡಕು, ಯಾವುದು ಎಣಿಸುವಂಥದ್ದು ಎಂಬ ತೀರ್ಮಾನವೇ ಎರಡು ಭಾಷೆಗಳಲ್ಲಿ ಬೇರೆಯಾಗಿರುವುದು. ಕುರ್ಚಿ ಮೇಜುಗಳನ್ನು ಕಣ್ಣಾರೆ ಎಣಿಸುತ್ತೇವೆ, ಆದರೆ ಇಂಗ್ಲಿಷ್‌ಗೆ ‘ಫರ್ನಿಚರ್’ ಎಣಿಸಲಾಗದ ಪದ. ಲಗೇಜ್, ಎಕ್ವಿಪ್‌ಮೆಂಟ್, ಇನ್ಫರ್ಮೇಷನ್ ಎಲ್ಲ ಹಾಗೆಯೇ. ಭಾರತದ ಕಚೇರಿಗಳಲ್ಲಿ ‘ಫರ್ನಿಚರ್ಸ್’, ‘ಎಕ್ವಿಪ್‌ಮೆಂಟ್ಸ್’ ಎಂದು ಬಹುವಚನ ಮಾಡಿಬಿಡುವುದು ಸಾಮಾನ್ಯ, ಅದರ ಬೆನ್ನಿಗೆ ‘ಫ್ಯೂವರ್ ಫರ್ನಿಚರ್ಸ್’ ಬರುತ್ತದೆ. ನಿಯಮ ಪಾಲಿಸಿಯೂ ತಪ್ಪು. ‘ಲೆಸ್ ಫರ್ನಿಚರ್’ ಅಥವಾ ‘ಫ್ಯೂವರ್ ಚೇರ್ಸ್’ ಎನ್ನಿ.

## ಒಂದು ಪೂರ್ತಿ ಉದಾಹರಣೆ ತಿದ್ದಿ ತೋರಿಸುತ್ತೀರಾ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ನೋಟಿಸು ಎಂದುಕೊಳ್ಳಿ. ವಾಕ್ಯಗಳು ನಾನೇ ಕಟ್ಟಿದವು, ಆದರೆ ಇಂಥವು ಲಿಫ್ಟಿನ ಪಕ್ಕ ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ.

‘ಲೆಸ್ ದ್ಯಾನ್ 20 ಮೆಂಬರ್ಸ್ ಅಟೆಂಡೆಡ್ ದ ಮೀಟಿಂಗ್.’ ಸದಸ್ಯರು ಬಿಡಿ ಮನುಷ್ಯರು, ಹತ್ತೊಂಬತ್ತೂವರೆ ಜನ ಬರಲಾರರು. ‘ಫ್ಯೂವರ್ ದ್ಯಾನ್ 20 ಮೆಂಬರ್ಸ್’ ಎಂದು ತಿದ್ದುತ್ತೇನೆ. ಬಿಟ್ಟರೂ ಪ್ರಳಯವಿಲ್ಲ, ‘ದ್ಯಾನ್’ ಮತ್ತು ಸಂಖ್ಯೆ ಇರುವುದರಿಂದ ಲೆಸ್ ಇಲ್ಲಿ ಹೆಚ್ಚು ಕಿವಿಗೆ ಹೊಡೆಯುವುದಿಲ್ಲ.

‘ವಿ ಬಾಟ್ 12 ಲೆಸ್ ಟ್ಯಾಂಕರ್ಸ್ ದಿಸ್ ಮಂತ್.’ ಹೋದ ತಿಂಗಳಿಗಿಂತ ಹನ್ನೆರಡು ಲೋಡು ಕಡಿಮೆ ತರಿಸಿದ್ದಾರೆ. ಬಂದುಹೋದ ಟ್ಯಾಂಕರ್‌ಗಳನ್ನು ಒಂದೊಂದಾಗಿ ಲೆಕ್ಕ ಇಟ್ಟಿದ್ದಾರೆ, ಆದ್ದರಿಂದ ‘12 ಫ್ಯೂವರ್ ಟ್ಯಾಂಕರ್ಸ್’.

‘ದ ಸಂಪ್ ನೌ ಹೋಲ್ಡ್ಸ್ ಫ್ಯೂವರ್ ದ್ಯಾನ್ 3 ಟ್ಯಾಂಕರ್ಸ್ ಆಫ್ ವಾಟರ್.’ ಅದೇ ಟ್ಯಾಂಕರ್, ಆದರೆ ಇಲ್ಲಿ ವಾಹನವಲ್ಲ, ನೀರಿನ ಅಳತೆ. ಸಂಪಿನಲ್ಲಿ ಎರಡೂವರೆ ಟ್ಯಾಂಕರ್ ನೀರು ಇರಬಹುದು. ‘ಲೆಸ್ ದ್ಯಾನ್ 3 ಟ್ಯಾಂಕರ್ಸ್ ಆಫ್ ವಾಟರ್’ ಆಗಬೇಕು. ಒಂದೇ ಪದ ಒಂದೇ ನೋಟಿಸಿನಲ್ಲಿ ಎರಡು ಕಡೆ ವಾಲಿದೆ ನೋಡಿ. ಪದದ ಪಟ್ಟಿ ಉರು ಹೊಡೆದು ಇದನ್ನು ಬಿಡಿಸಲಾಗುವುದಿಲ್ಲ.

‘ಪೇ ನೋ ಫ್ಯೂವರ್ ದ್ಯಾನ್ 2000 ರುಪೀಸ್ ಬಿಫೋರ್ ದ 10ತ್.’ ಮೊತ್ತ, ಆದ್ದರಿಂದ ‘ನೋ ಲೆಸ್ ದ್ಯಾನ್’. ನಾನಾದರೆ ‘ಅಟ್ ಲೀಸ್ಟ್ 2000 ರುಪೀಸ್’ ಎಂದು ಸರಳ ಮಾಡುತ್ತೇನೆ.

‘ಪ್ಲೀಸ್ ಪಾರ್ಕ್ ಲೆಸ್ ವೆಹಿಕಲ್ಸ್ ನಿಯರ್ ದ ಗೇಟ್.’ ಲೆಸ್ ನೇರವಾಗಿ ಬಹುವಚನದ ಮುಂದೆ ನಿಂತಿದೆ, ಐದು ವಾಕ್ಯಗಳಲ್ಲಿ ಶಿಷ್ಟ ಓದುಗರಿಗೆ ಮೊದಲು ಕಾಣುವ ಲೆಸ್ ಇದೇ. ‘ಫ್ಯೂವರ್ ವೆಹಿಕಲ್ಸ್’. ಯಾರು ಎಷ್ಟು ಗಾಡಿ ನಿಲ್ಲಿಸಬೇಕು ಎಂಬುದನ್ನು ನೋಟಿಸು ಹೇಳಿಲ್ಲ, ಅದು ವ್ಯಾಕರಣದ ಕೈಮೀರಿದ್ದು.

## ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಏನು ಬರೆಯಲಿ?

ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಇತಿಹಾಸಕ್ಕೆ ಜಾಗವಿಲ್ಲ. ‘ನೋ ಲೆಸ್ ದ್ಯಾನ್ 50 ಪರ್ಸನ್ಸ್’ ಎಂದು ಕೊಟ್ಟಿದ್ದರೆ, ಅದೇ ತಪ್ಪಿರುವ ಭಾಗ ಎಂದು ಗುರುತು ಹಾಕಿ, ಬೇರೆಡೆ ಎದ್ದು ಕಾಣುವ ತಪ್ಪಿಲ್ಲದಿದ್ದರೆ. ಆದರೆ ಹಣ, ದೂರ, ಕಾಲ, ತೂಕದ ಮುಂದೆ ಲೆಸ್ ಇದ್ದರೆ ಮುಟ್ಟಬೇಡಿ, ಪ್ರಶ್ನೆ ತಯಾರಿಸುವವರು ಬಲೆ ಹಾಕುವುದು ಅಲ್ಲಿಯೇ.

## ‘ಫ್ಯೂವರ್ ನಂಬರ್ ಆಫ್ ಸ್ಟೂಡೆಂಟ್ಸ್’ ಸರಿಯೇ?

ಅಲ್ಲ. ನಂಬರ್ ಒಂದೇ ಇದೆ, ಅದು ಸಣ್ಣದಾಗಬಹುದು: ‘ಎ ಸ್ಮಾಲರ್ ನಂಬರ್’. ಅಥವಾ ‘ಫ್ಯೂವರ್ ಸ್ಟೂಡೆಂಟ್ಸ್’ ಎಂದು ನಂಬರನ್ನೇ ಕಿತ್ತುಹಾಕಿ.

## ‘ಡೇಟಾ’ಗೆ ಯಾವುದು?

ಲ್ಯಾಟಿನ್ ಮೂಲದಲ್ಲಿ ಅದು ಬಹುವಚನ. ಕೆಲವು ವಿಜ್ಞಾನ ಪತ್ರಿಕೆಗಳು ಈಗಲೂ ‘ದೀಸ್ ಡೇಟಾ ಆರ್’ ಎಂದು ಬರೆಯುತ್ತವೆ, ಅಲ್ಲಿ ‘ಫ್ಯೂವರ್ ಡೇಟಾ’ ಕಾಣಬಹುದು. ಮೊಬೈಲ್ ಪ್ಯಾಕಿನ ಡೇಟಾ, ಕಂಪನಿಯ ಡೇಟಾ ಎಲ್ಲ ಈಗ ರಾಶಿಯ ಪದವಾಗಿದೆ, ‘ಲೆಸ್ ಡೇಟಾ’ ಸಾಕು. ಬಿಡಿಬಿಡಿ ಅಳತೆಗಳನ್ನೇ ಹೇಳಬೇಕಾದರೆ ‘ಫ್ಯೂವರ್ ಡೇಟಾ ಪಾಯಿಂಟ್ಸ್’ ಎನ್ನಿ, ಎರಡೂ ಪಂಗಡದವರು ಒಪ್ಪುತ್ತಾರೆ.